ದುಡ್ಡು ಕಟ್ಟಿದರೂ ಮತ್ತೆ ನಿಂತ ಪ್ಲಾನ್: ಒಂದು ಆಟೊಪೇ ಪ್ರಕರಣ

2024ರ ಆಗಸ್ಟ್ 7ರಂದು ಶಿವಮೊಗ್ಗದ ನಮ್ಮ ಅತ್ತಿಗೆಯ ಡೆಬಿಟ್ ಕಾರ್ಡಿನಿಂದ ಒಂದು ಮ್ಯೂಸಿಕ್ ಆ್ಯಪ್‌ಗೆ ಆಟೊಪೇ ಮೂಲಕ, ಅಂದರೆ ತಿಂಗಳಿಗೊಮ್ಮೆ ತಾನಾಗಿ, ₹179 ಹೋಗಬೇಕಿತ್ತು. ಹೋಗಲಿಲ್ಲ. ಹೊಸ ಕಾರ್ಡ್ ಹಾಕಿ ದುಡ್ಡು ಕಟ್ಟಿದರು, ಪ್ಲಾನ್ ಮತ್ತೆ ಶುರುವಾಯಿತು. ಸೆಪ್ಟೆಂಬರ್ 7ಕ್ಕೆ ಮತ್ತೆ ಅದೇ ಕಥೆ. ಬ್ಯಾಂಕಿಗೆ ಫೋನ್ ಮಾಡಿದರೆ "ಆರ್‌ಬಿಐ ರೂಲ್ಸ್ ಮೇಡಂ" ಅಂದರು. ಆ್ಯಪ್‌ನವರಿಗೆ ಬರೆದು ಕೇಳಿದರೆ "ನಿಮ್ಮ ಬ್ಯಾಂಕ್ ತಿರಸ್ಕರಿಸಿದೆ, ಬ್ಯಾಂಕನ್ನೇ ಕೇಳಿ" ಅಂತ ಉತ್ತರ ಬಂತು. ಎರಡೂ ಸುಳ್ಳಲ್ಲ. ಆದರೆ ಈಗ ಏನು ಮಾಡಬೇಕು ಅನ್ನೋದು ಎರಡರಿಂದಲೂ ತಿಳಿಯಲಿಲ್ಲ.

ಕಾರ್ಡ್ ಪಾವತಿಯ ದೂರುಗಳನ್ನು ನೋಡುವ ಕೆಲಸದಲ್ಲಿ ನಾನು ಕೆಲವು ವರ್ಷ ಇದ್ದೆ. ಹಾಗಾಗಿ ಈ ಪ್ರಕರಣ ನನ್ನ ಹತ್ತಿರ ಬಂತು. ಬ್ಯಾಂಕು, ಆ್ಯಪ್ ಎರಡರ ಹೆಸರೂ ಇಲ್ಲಿ ಬೇಡ. ಬೇರೆ ಬ್ಯಾಂಕು, ಬೇರೆ ಆ್ಯಪ್ ಇದ್ದರೂ ಹೆಚ್ಚುಕಮ್ಮಿ ಹೀಗೇ ಆಗುತ್ತಿತ್ತು.

ಅತ್ತಿಗೆ ಮನೆಯಲ್ಲೇ ಭರತನಾಟ್ಯ ಕ್ಲಾಸ್ ನಡೆಸುತ್ತಾರೆ. ಮಕ್ಕಳ ಅಭ್ಯಾಸಕ್ಕೆ ಬೇಕಾದ ಹಾಡುಗಳನ್ನೆಲ್ಲ ಆ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿ ಇಟ್ಟುಕೊಂಡಿದ್ದರು. ಫ್ಯಾಮಿಲಿ ಪ್ಲಾನ್ ಆದ್ದರಿಂದ ಮನೆಯ ಎಲ್ಲರ ಫೋನಿನಲ್ಲೂ ಅದೇ. ಇಂಥ ಡೌನ್‌ಲೋಡ್‌ಗಳು ಫೋನಿನಲ್ಲಿ ಕೂತಿದ್ದರೂ ನಮ್ಮವಲ್ಲ. ಪ್ಲಾನ್ ನಿಂತರೆ ಅವೂ ನಿಲ್ಲುತ್ತವೆ. 2024ರಲ್ಲಿ ಗಣೇಶ ಚತುರ್ಥಿ ಬಂದದ್ದು ಸೆಪ್ಟೆಂಬರ್ 7ಕ್ಕೇ. ಮುಂದಿನ ವಾರ ಬಡಾವಣೆಯ ಗಣೇಶನ ಮುಂದೆ ಮಕ್ಕಳ ಕಾರ್ಯಕ್ರಮ ಇತ್ತು. ಅದಕ್ಕೇ ಅಷ್ಟು ಗಾಬರಿ. "ನೋಡಪ್ಪಾ, ದುಡ್ಡಿಲ್ಲ ಅಂತಲ್ಲ, ಅಕೌಂಟಲ್ಲಿ ದುಡ್ಡಿದೆ, ತಗೊಳ್ಳೋದಕ್ಕೆ ಅವರಿಗೇ ಆಗ್ತಿಲ್ಲ" ಅಂದರು ಅತ್ತಿಗೆ. ಸಮಸ್ಯೆಯನ್ನು ಇದಕ್ಕಿಂತ ಚೆನ್ನಾಗಿ ಹೇಳೋದು ಕಷ್ಟ.

ನಿಯಮ ನಿಜಕ್ಕೂ ಏನು ಹೇಳುತ್ತದೆ

"ಆರ್‌ಬಿಐ ರೂಲ್ಸ್" ಅನ್ನೋ ಉತ್ತರ ಕೇಳಿದವರಿಗೆ ಸಾಮಾನ್ಯವಾಗಿ ಬರುವ ಅನುಮಾನ ಒಂದೇ. ಕಾರ್ಡಿನಿಂದ ತಿಂಗಳು ತಿಂಗಳು ದುಡ್ಡು ಹೋಗೋದನ್ನು ಸರ್ಕಾರ ನಿಲ್ಲಿಸಿಬಿಟ್ಟಿದೆಯಾ ಅಂತ. ಅತ್ತಿಗೆಯೂ ಹಾಗೇ ಅಂದುಕೊಂಡಿದ್ದರು. ಇಲ್ಲ, ನಿಲ್ಲಿಸಿಲ್ಲ. ನಿಂತಿರುವುದು ಹೇಳದೆ ಕೇಳದೆ ದುಡ್ಡು ತೆಗೆಯುವ ಹಳೆಯ ಪದ್ಧತಿ ಮಾತ್ರ.

ಮೊದಲು ಹೇಗಿತ್ತು ಅಂದರೆ, ಒಂದು ಸಲ ಕಾರ್ಡ್ ನಂಬರ್ ಕೊಟ್ಟರೆ ಆಯಿತು. ಕಂಪನಿಯವರು ಆ ನಂಬರ್ ಇಟ್ಟುಕೊಂಡು ಪ್ರತಿ ತಿಂಗಳು ದುಡ್ಡು ಎಳೆಯುತ್ತಿದ್ದರು. ನಮಗೆ ಗೊತ್ತಾಗುತ್ತಿದ್ದದ್ದು ದುಡ್ಡು ಹೋದ ಮೇಲೆ. ನಿಲ್ಲಿಸಬೇಕೆಂದರೆ ಅದೇ ಕಂಪನಿಯ ಕೈಕಾಲು ಹಿಡಿಯಬೇಕಿತ್ತು. 2019ರ ಆಗಸ್ಟ್‌ನಲ್ಲಿ ಆರ್‌ಬಿಐ ಇದಕ್ಕೆ ಒಂದು ಚೌಕಟ್ಟು ಹಾಕಿತು. ಹೀಗೆ ಪದೇ ಪದೇ ದುಡ್ಡು ಹೋಗಬೇಕಾದರೆ ಮೊದಲು ಗ್ರಾಹಕರು ಓಟಿಪಿ ಕೊಟ್ಟು ತಮ್ಮ ಬ್ಯಾಂಕಿನಲ್ಲಿ ಒಂದು ಒಪ್ಪಿಗೆ ನೋಂದಾಯಿಸಬೇಕು. ಅದಕ್ಕೇ ಇ-ಮ್ಯಾಂಡೇಟ್ ಅನ್ನೋದು. ಆಮೇಲೆ ಪ್ರತಿ ಸಲ ದುಡ್ಡು ಹೋಗುವ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕು ನಮಗೆ ತಿಳಿಸಬೇಕು. ಯಾರಿಗೆ, ಎಷ್ಟು, ಯಾವಾಗ, ಯಾತಕ್ಕೆ ಅನ್ನೋದು ಅದರಲ್ಲಿರಬೇಕು. ಬೇಡ ಅನ್ನಿಸಿದರೆ ಆ ಒಂದು ಸಲದ್ದನ್ನೋ ಇಡೀ ಮ್ಯಾಂಡೇಟನ್ನೋ ರದ್ದು ಮಾಡಲು ದಾರಿ ಇರಬೇಕು. ದುಡ್ಡು ಹೋದ ಮೇಲೆ ಮತ್ತೊಂದು ಮೆಸೇಜ್. ಈ ಸೌಲಭ್ಯಕ್ಕೆ ಗ್ರಾಹಕರಿಂದ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ.

ಕಂಪನಿಗಳು, ಬ್ಯಾಂಕುಗಳು ತಯಾರಾಗಲು ತಡ ಮಾಡಿದವು. ಗಡುವು 2021ರ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಗೆ ಹೋಯಿತು. ಅಕ್ಟೋಬರ್ 1ರಿಂದ ಈ ಚೌಕಟ್ಟಿಗೆ ಸೇರದ ಆಟೊಪೇಗಳೆಲ್ಲ ಬಿದ್ದವು. ಮೊತ್ತದ ಮಿತಿ ಮೊದಲು ₹2,000 ಇತ್ತು. 2021ರ ಜನವರಿಯಿಂದ ₹5,000 ಆಯಿತು. 2022ರ ಜೂನ್‌ನಲ್ಲಿ ₹15,000ಕ್ಕೆ ಏರಿತು. ಮಿತಿ ಅಂದರೆ ಅದಕ್ಕಿಂತ ಜಾಸ್ತಿ ಕಟ್ಟುವ ಹಾಗಿಲ್ಲ ಅಂತಲ್ಲ. ಅದಕ್ಕಿಂತ ಜಾಸ್ತಿ ಆದರೆ ಸಾಮಾನ್ಯವಾಗಿ ಪ್ರತಿ ಸಲವೂ ಓಟಿಪಿ ಬೇಕು, ಅಷ್ಟೇ.

ಅತ್ತಿಗೆಯ ₹179 ಯಾವ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಪ್ಲಾನ್ ಶುರುವಾದದ್ದೇ ಈ ನಿಯಮ ಬಂದ ಮೇಲೆ, ಅಂದರೆ ಮೊದಲ ದಿನವೇ ಮ್ಯಾಂಡೇಟ್ ಆಗಿತ್ತು. ತಿಂಗಳುಗಟ್ಟಲೆ ಸರಿಯಾಗಿ ದುಡ್ಡು ಹೋಗಿತ್ತು ಕೂಡ. ಹಾಗಾದರೆ ಅದೇ ನಿಯಮ ಈಗ ಯಾಕೆ ಅಡ್ಡ ಬಂತು?

ಜುಲೈನಲ್ಲಿ ಬಂದ ಲಕೋಟೆ

ಉತ್ತರ ಜುಲೈನಲ್ಲಿತ್ತು. ಹಳೆಯ ಡೆಬಿಟ್ ಕಾರ್ಡಿನ ಮೇಲೆ 07/24 ಅಂತ ಇತ್ತು. ಜುಲೈ ಮುಗಿಯುವ ತನಕ ಅದು ನಡೆಯುತ್ತದೆ, ಆಮೇಲೆ ಇಲ್ಲ. ಬ್ಯಾಂಕು ಮುಂಚೆಯೇ ಪೋಸ್ಟಿನಲ್ಲಿ ಹೊಸ ಕಾರ್ಡ್ ಕಳಿಸಿತ್ತು. ಅತ್ತಿಗೆ ಎಟಿಎಂಗೆ ಹೋಗಿ ಪಿನ್ ಹಾಕಿಕೊಂಡು ಬಂದರು. ದಿನಸಿ ಅಂಗಡಿಯಲ್ಲಿ ಮಶೀನಿಗೆ ಹಾಕಿ ನೋಡಿದರು, ನಡೆಯಿತು. ಹಳೆಯದನ್ನು ಕತ್ತರಿಸಿ ಎಸೆದರು. ಅಲ್ಲಿಗೆ ಅವರ ಪಾಲಿಗೆ ಕಾರ್ಡ್ ಬದಲಾದ ಕೆಲಸ ಮುಗಿಯಿತು.

ಹೊಸ ಕಾರ್ಡಿನ ನಂಬರೇ ಬೇರೆ. ಖಾತೆ ಅದೇ, ಹೆಸರು ಅದೇ, ಬ್ಯಾಂಕೂ ಅದೇ. ಆದರೆ ಮ್ಯಾಂಡೇಟ್ ನಿಂತಿರುವುದು ಖಾತೆಯ ಮೇಲಲ್ಲ, ಕಾರ್ಡಿನ ಮೇಲೆ. ಹಳೆಯ ಕಾರ್ಡಿನ ಮೇಲಿದ್ದ ಒಪ್ಪಿಗೆಯನ್ನು ಹೊಸ ಕಾರ್ಡಿಗೆ ಬ್ಯಾಂಕು ತಾನಾಗಿ ಹೊರಳಿಸಿರಲಿಲ್ಲ. ಆ್ಯಪ್‌ನವರಿಗೂ ಹೊಸ ನಂಬರ್ ಗೊತ್ತಿರಲಿಲ್ಲ. 2022ರ ಅಕ್ಟೋಬರ್‌ನಿಂದ ಅವರು ನಿಜವಾದ ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗೇ ಇಲ್ಲ. ಅವರ ಹತ್ತಿರ ಇರುವುದು ಟೋಕನ್ ಅನ್ನೋ ಬದಲಿ ನಂಬರ್ ಮತ್ತು ನಮಗೆ ಗುರುತು ಸಿಗಲಿ ಅಂತ ಕೊನೆಯ ನಾಲ್ಕು ಅಂಕಿ. ಆ ಟೋಕನ್ ಕೂಡ ಹಳೆಯ ಕಾರ್ಡಿಗೆ ಕಟ್ಟಿದ್ದು.

ಇಲ್ಲಿ ಒಂದು ಸುಳಿವು ಎಲ್ಲರ ಕಣ್ಣು ತಪ್ಪಿತ್ತು. ಪ್ರತಿ ತಿಂಗಳು 5ನೇ ತಾರೀಕು ಬ್ಯಾಂಕಿನಿಂದ ಮೆಸೇಜ್ ಬರುತ್ತಿತ್ತು, 7ಕ್ಕೆ ಇಂಥವರಿಗೆ ₹179 ಹೋಗುತ್ತದೆ ಅಂತ. ಆಗಸ್ಟ್ 5ಕ್ಕೆ ಅದು ಬರಲಿಲ್ಲ. ಬಾರದ ಮೆಸೇಜನ್ನು ಯಾರು ಗಮನಿಸುತ್ತಾರೆ ಹೇಳಿ! ಅದರ ಮೇಲೆ, ಆ ಖಾತೆಗೆ ಕೊಟ್ಟಿರುವುದು ಅಣ್ಣನ ಮೊಬೈಲ್ ನಂಬರ್. ಅವನು ಕೆಲಸ ಮಾಡುವುದು ಭದ್ರಾವತಿಯಲ್ಲಿ. ಅವನ ಫೋನಿನಲ್ಲಿ ಸಾಲ ಬೇಕಾ, ಸೈಟ್ ಬೇಕಾ ಅನ್ನೋ ಮೆಸೇಜುಗಳ ರಾಶಿ. ಅದರೊಳಗೆ ಈ ₹179ರ ಮೆಸೇಜ್ ಬಂದರೂ ಒಂದೇ, ಬಿಟ್ಟರೂ ಒಂದೇ.

ಇಂಥ ದೂರು ಬಂದಾಗ ನಾನು ಮೊದಲು ಕೇಳುವುದೇ ಈ ಪ್ರಶ್ನೆ: ಮುಂಚಿನ ಮೆಸೇಜ್ ಬಂದಿತ್ತಾ? ಮೆಸೇಜ್ ಬಂದೂ ದುಡ್ಡು ಹೋಗದಿದ್ದರೆ ಮ್ಯಾಂಡೇಟ್ ಸರಿಯಾಗಿದೆ, ತೊಂದರೆ ಬೇರೆ ಕಡೆ ಇದೆ ಅಂತ ಅರ್ಥ. ಖಾತೆಯಲ್ಲಿ ಹಣ ಇರಲಿಕ್ಕಿಲ್ಲ. ಕಾರ್ಡಿನ ದಿನದ ಮಿತಿ ಮುಗಿದಿರಬಹುದು. ಇಲ್ಲವೇ ಆನ್‌ಲೈನ್ ಬಳಕೆಯನ್ನು ಯಾರೋ ಆಫ್ ಮಾಡಿರಬಹುದು. ಮೆಸೇಜೇ ಬಾರದೆ ರಿಜೆಕ್ಟ್ ಆಗಿದ್ದರೆ ಬ್ಯಾಂಕಿನ ಪಟ್ಟಿಯಲ್ಲಿ ಮ್ಯಾಂಡೇಟೇ ಇಲ್ಲ, ಅಥವಾ ಆ್ಯಪ್ ಕಡೆಯಿಂದ ಬ್ಯಾಂಕಿಗೆ ಮುಂಚಿತ ಸೂಚನೆ ಹೋಗಿಲ್ಲ. ಯಾಕೆಂದರೆ ಬ್ಯಾಂಕು ಸುಮ್ನೆ ಮೆಸೇಜ್ ಕಳಿಸುವುದಿಲ್ಲ. ಇಂಥ ದಿನ ಇಷ್ಟು ತೆಗೆಯುತ್ತೇವೆ ಅಂತ ಆ್ಯಪ್‌ನವರು ತಮ್ಮ ಪೇಮೆಂಟ್ ಗೇಟ್‌ವೇ, ಅಂದರೆ ತಮಗೂ ಬ್ಯಾಂಕಿಗೂ ನಡುವೆ ಪಾವತಿ ನೋಡಿಕೊಳ್ಳುವ ಸಂಸ್ಥೆಯ ಮೂಲಕ ಮೊದಲು ತಿಳಿಸಬೇಕು. ಬ್ಯಾಂಕು ಅದನ್ನು ಮ್ಯಾಂಡೇಟಿನ ಜೊತೆ ತಾಳೆ ನೋಡಿ ಆಮೇಲೆ ನಮಗೆ ಹೇಳುತ್ತದೆ. ಅಣ್ಣನ ಫೋನ್ ಹುಡುಕಿಸಿದೆ. ಜುಲೈ 5ರ ಮೆಸೇಜ್ ಇತ್ತು. ಆಗಸ್ಟ್‌ನದ್ದೂ ಇಲ್ಲ, ಸೆಪ್ಟೆಂಬರ್‌ನದ್ದೂ ಇಲ್ಲ.

ಆಗಸ್ಟ್‌ನಲ್ಲಿ ಸರಿಹೋದಂತೆ ಕಂಡದ್ದು

ಆಗಸ್ಟ್‌ನಲ್ಲಿ ಹೊಸ ಕಾರ್ಡಿನಲ್ಲಿ ದುಡ್ಡು ಕಟ್ಟಿದ್ದರಲ್ಲ, ಆಮೇಲೂ ಸೆಪ್ಟೆಂಬರ್‌ನಲ್ಲಿ ಯಾಕೆ ಬಿತ್ತು? ಈ ಪ್ರಕರಣದ ತಿರುಳು ಇರೋದೇ ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನಕ್ಕೆ ನೋಡೋಣ.

ಮೊದಲು ಹೊಸ ಕಾರ್ಡ್ ಆ್ಯಪ್‌ನಲ್ಲಿ ಸೇರಲೇ ಇಲ್ಲ. ನಂಬರ್, ತಿಂಗಳು, ವರ್ಷ, ಹಿಂದಿನ ಮೂರಂಕಿ ಎಲ್ಲ ಸರಿಯಾಗಿ ಹಾಕಿದರೂ ಓಟಿಪಿ ಬರುವ ಮುಂಚೆಯೇ ತಿರಸ್ಕಾರ. ಅಂಗಡಿಯಲ್ಲಿ ನಡೆಯುವ ಕಾರ್ಡ್ ಇಲ್ಲಿ ಯಾಕೆ ನಡೆಯಲ್ಲ ಅಂತ ಅತ್ತಿಗೆಗೆ ಸಿಟ್ಟು. ಇದಕ್ಕೂ ಆರ್‌ಬಿಐ ನಿಯಮವೇ ಕಾರಣ, ಆದರೆ ಅದು ಬೇರೆ ನಿಯಮ. 2020ರಿಂದ ಹೊಸದಾಗಿ ಕೊಡುವ ಅಥವಾ ಬದಲಿಸಿ ಕೊಡುವ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮಶೀನಿನಲ್ಲಿ ಮಾತ್ರ ನಡೆಯುತ್ತವೆ. ಆನ್‌ಲೈನ್ ಬಳಕೆಯನ್ನು ನಾವೇ ಆನ್ ಮಾಡಬೇಕು. ವಿದೇಶಿ ಬಳಕೆಗೂ ಅದೇ ಮಾತು. ಕಾರ್ಡಿನ ಜೊತೆ ಬಂದ ಕಾಗದದಲ್ಲಿ ಇದು ಬರೆದಿತ್ತು. ಆ ಕಾಗದ ಲಕೋಟೆಯ ಜೊತೆಗೇ ಹೋಗಿತ್ತು. ಕಸ್ಟಮರ್ ಕೇರ್‌ನ ಹುಡುಗಿ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್‌ಗೆ ಹೋಗಿ ಆನ್‌ಲೈನ್ ಬಳಕೆ ಆನ್ ಮಾಡಿದರು. ಅಲ್ಲೇ ದಿನದ ಮಿತಿಯೂ ಇತ್ತು, ಅದು ಸೊನ್ನೆಯಲ್ಲಿ ಕೂತಿತ್ತು. ಅದನ್ನೂ ಏರಿಸಿದರು. ಎಷ್ಟೋ ಜನ ಬಟನ್ ಮಾತ್ರ ಒತ್ತಿ ಮಿತಿಯನ್ನು ಸೊನ್ನೆಯಲ್ಲೇ ಬಿಡುತ್ತಾರೆ. ಆಮೇಲೆ ಆನ್ ಮಾಡಿದರೂ ಆಗಲ್ಲ ಅಂತ ದೂರು.

ಈ ಸಲ ಓಟಿಪಿ ಅಣ್ಣನ ಫೋನಿಗೆ ಬಂತು. ಅವನು ಓದಿ ಹೇಳಿದ, ₹179 ಹೋಯಿತು, ಹಾಡು ಬಂತು. ಆದರೆ ಅತ್ತಿಗೆ ಯಾವ ಬಟನ್ ಒತ್ತಿದ್ದರು ಅನ್ನೋದನ್ನು ನೋಡಿ. ಆ್ಯಪ್‌ನವರು ಬಾಕಿ ಇದೆ ಅಂತ ಇಮೇಲ್ ಕಳಿಸಿದ್ದರು. ಅದರಲ್ಲಿದ್ದ ಕೊಂಡಿ ಒತ್ತಿ ಆ ತಿಂಗಳ ಬಾಕಿ ಕಟ್ಟಿದರು. ಅದು ಒಂದು ಸಲದ ಪಾವತಿ. ಓಟಿಪಿ ಕೊಟ್ಟದ್ದು ಆ ₹179ಕ್ಕೆ ಮಾತ್ರ, ಮುಂದಿನ ತಿಂಗಳಿಗಲ್ಲ. ಹಾಲಿನವನನ್ನು ರಸ್ತೆಯಲ್ಲಿ ನಿಲ್ಲಿಸಿ ಒಂದು ಪ್ಯಾಕೆಟ್ ತಗೊಂಡು ದುಡ್ಡು ಕೊಟ್ಟರೆ, ಮಾರನೇ ದಿನ ಅವನು ನಮ್ಮನೆ ಬಾಗಿಲಿಗೆ ಬರಲ್ಲ ಅಲ್ವಾ? ದಿನಾ ಹಾಕು ಅಂತ ಬೇರೆಯಾಗಿ ಹೇಳಬೇಕು.

ಗೊಂದಲ ಜಾಸ್ತಿ ಮಾಡಿದ್ದು ಆ್ಯಪ್‌ನ ಪರದೆ. ಪಾವತಿಯ ಜಾಗದಲ್ಲಿ ಹೊಸ ಕಾರ್ಡಿನ ಕೊನೆಯ ನಾಲ್ಕು ಅಂಕಿ ಕಾಣುತ್ತಿತ್ತು, ಪಕ್ಕದಲ್ಲಿ ಹಸಿರು ಟಿಕ್. ನೋಡಿದವರು ಯಾರಾದರೂ ಎಲ್ಲ ಸರಿ ಇದೆ ಅಂತಲೇ ಅಂದುಕೊಳ್ಳುತ್ತಾರೆ. ಆದರೆ ಆ ಟಿಕ್‌ನ ಅರ್ಥ ಕಾರ್ಡ್ ಸೇವ್ ಆಗಿದೆ ಅಂತ ಮಾತ್ರ. ಕಾರ್ಡ್ ಸೇವ್ ಮಾಡಲು ಒಂದು ಒಪ್ಪಿಗೆ, ಪ್ರತಿ ತಿಂಗಳು ದುಡ್ಡು ತೆಗೆಯಲು ಇನ್ನೊಂದು ಒಪ್ಪಿಗೆ. ಮೊದಲನೆಯದು ಆಗಿತ್ತು, ಎರಡನೆಯದು ಆಗಿರಲಿಲ್ಲ. ನನ್ನ ಕೇಳಿದರೆ ಈ ಎರಡನ್ನೂ ಒಂದೇ ಪರದೆಯಲ್ಲಿ ಬೇರೆ ಬೇರೆಯಾಗಿ ತೋರಿಸಬೇಕು. ಕಸ್ಟಮರ್ ಕೇರ್‌ಗೆ ಬರುವ ಅರ್ಧ ಫೋನ್ ಅಲ್ಲೇ ನಿಲ್ಲುತ್ತವೆ.

ನಿಜ ತಿಳಿಯಬೇಕಾದರೆ ಬ್ಯಾಂಕಿನ ಪಟ್ಟಿಯನ್ನೇ ನೋಡಬೇಕು. ಮ್ಯಾಂಡೇಟುಗಳ ಪಟ್ಟಿ ಬ್ಯಾಂಕಿನ ಆ್ಯಪ್‌ನಲ್ಲೋ ನೆಟ್ ಬ್ಯಾಂಕಿಂಗ್‌ನಲ್ಲೋ ಇರುತ್ತದೆ. ಕೆಲವರು ಅದನ್ನು ಕಾರ್ಡಿನ ವಿಭಾಗದಲ್ಲಿ ಇಟ್ಟಿರುತ್ತಾರೆ, ಕೆಲವರು ಬೇರೆ ವೆಬ್ ಪುಟಕ್ಕೆ ಕಳಿಸುತ್ತಾರೆ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್, ಇ-ಮ್ಯಾಂಡೇಟ್, ಆಟೊಪೇ, ಹೀಗೆ ಒಬ್ಬೊಬ್ಬರದ್ದು ಒಂದೊಂದು ಹೆಸರು. ಅತ್ತಿಗೆಯ ಬ್ಯಾಂಕಿನಲ್ಲಿ ಅದು ಕಾರ್ಡ್ ಮೆನುವಿನ ತೀರಾ ಕೆಳಗಿತ್ತು. ತೆರೆದರೆ ಮ್ಯೂಸಿಕ್ ಆ್ಯಪ್‌ನ ಹೆಸರು ಕಂಡಿತು, ಸ್ಥಿತಿ ಚಾಲ್ತಿಯಲ್ಲಿದೆ ಅಂತಲೂ ಇತ್ತು. ಆದರೆ ಅದರ ಪಕ್ಕದಲ್ಲಿದ್ದ ನಾಲ್ಕು ಅಂಕಿ ಹಳೆಯ ಕಾರ್ಡಿನದ್ದು. ಹೊಸ ಕಾರ್ಡ್ ಆರಿಸಿದರೆ ಪಟ್ಟಿ ಪೂರ್ತಿ ಖಾಲಿ.

ಅಲ್ಲಿಗೆ ಚಿತ್ರ ಸ್ಪಷ್ಟವಾಯಿತು. ಸೆಪ್ಟೆಂಬರ್ 7ಕ್ಕೆ ಆ್ಯಪ್ ಹೊಸ ಕಾರ್ಡಿನಿಂದ ದುಡ್ಡು ತೆಗೆಯಲು ನೋಡಿತು. ಇದು ಓಟಿಪಿ ಇಲ್ಲದೆ ಬಂದ ಕೋರಿಕೆ, ಇದರ ಹಿಂದೆ ಮ್ಯಾಂಡೇಟ್ ಇದೆಯಾ ಅಂತ ಬ್ಯಾಂಕು ನೋಡಿತು. ಇರಲಿಲ್ಲ. ತಿರಸ್ಕರಿಸಿತು. ನಿಯಮ ಮಾಡಬೇಕಾದ ಕೆಲಸವನ್ನೇ ಮಾಡಿದೆ. ಕೆಟ್ಟದ್ದು ಏನಿದ್ದರೂ ಅದನ್ನು ಹೇಳಿದ ರೀತಿ. "ಆರ್‌ಬಿಐ ನಿಯಮದಂತೆ ತಿರಸ್ಕರಿಸಲಾಗಿದೆ" ಅನ್ನೋ ಬದಲು "ಈ ಕಾರ್ಡಿಗೆ ನೋಂದಣಿ ಆಗಿಲ್ಲ" ಅಂದಿದ್ದರೆ ಅತ್ತಿಗೆ ಆಗಸ್ಟ್‌ನಲ್ಲೇ ಸರಿಮಾಡಿಕೊಳ್ಳುತ್ತಿದ್ದರು.

ಮತ್ತೆ ನೋಂದಾಯಿಸಿದ್ದು

ಶನಿವಾರ ಹಬ್ಬ, ಭಾನುವಾರ ಕೂತು ಮಾಡಿದೆವು. ಅಣ್ಣ ಮನೆಯಲ್ಲೇ ಇರುವ ದಿನ ಬೇಕಿತ್ತು. ಓಟಿಪಿ ಕೆಲವೇ ನಿಮಿಷ ನಡೆಯುತ್ತದೆ. ಅವನು ಭದ್ರಾವತಿಯಲ್ಲಿ ಕೆಲಸದಲ್ಲಿದ್ದರೆ ಫೋನ್ ಎತ್ತಿ, ಮೆಸೇಜ್ ತೆಗೆದು, ಓದಿ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಮೊದಲು ಬ್ಯಾಂಕಿನ ಪಟ್ಟಿಯಲ್ಲಿದ್ದ ಹಳೆಯ ಮ್ಯಾಂಡೇಟನ್ನು ರದ್ದು ಮಾಡಿದೆವು. ಸತ್ತ ಕಾರ್ಡಿನ ಮ್ಯಾಂಡೇಟ್ ಇದ್ದರೆ ನಷ್ಟವೇನೂ ಇಲ್ಲ, ಆದರೆ ಮುಂದೆ ಪಟ್ಟಿ ನೋಡಿದವರಿಗೆ ಗೊಂದಲ. ಆಮೇಲೆ ಮ್ಯೂಸಿಕ್ ಆ್ಯಪ್‌ನಲ್ಲಿ ಸೇವ್ ಆಗಿದ್ದ ಹೊಸ ಕಾರ್ಡನ್ನು ತೆಗೆದುಹಾಕಿದೆವು. ಇದು ಅತ್ತಿಗೆಗೆ ವಿಚಿತ್ರ ಅನ್ನಿಸಿತು, ಇರೋ ಕಾರ್ಡನ್ನು ತೆಗೆದು ಅದನ್ನೇ ಮತ್ತೆ ಹಾಕೋದು ಯಾಕೆ ಅಂತ. ಸೇವ್ ಆದ ಕಾರ್ಡನ್ನೇ ಆರಿಸಿದರೆ ಈ ಆ್ಯಪ್ ನೋಂದಣಿಯ ಪುಟಕ್ಕೆ ಕರೆದೊಯ್ಯುತ್ತಿರಲಿಲ್ಲ. ಹೊಸದಾಗಿ ಹಾಕಿದರೆ ಕರೆದೊಯ್ಯುತ್ತದೆ. ಬಾಕಿ ಕಟ್ಟುವ ಕೊಂಡಿಯನ್ನು ಈ ಸಲ ಮುಟ್ಟಲಿಲ್ಲ. ಆ್ಯಪ್‌ನ ಅಕೌಂಟ್ ಪುಟಕ್ಕೆ ಹೋಗಿ, ಪ್ಲಾನ್ ತೆರೆದು, ಅಲ್ಲಿಂದ ಪಾವತಿಯ ವಿಧಾನ ಬದಲಿಸುವುದನ್ನು ಆರಿಸಿದೆವು.

ಕಾರ್ಡ್ ವಿವರ ಹಾಕಿದ ಮೇಲೆ ಬ್ಯಾಂಕಿನ ಪುಟ ತೆರೆಯಿತು. ಆಗಸ್ಟ್‌ನಲ್ಲಿ ಕಂಡ ಪುಟಕ್ಕೂ ಇದಕ್ಕೂ ವ್ಯತ್ಯಾಸ ಇತ್ತು. ಅಲ್ಲಿ ₹179, ಓಟಿಪಿ ಹಾಕಿ ಅಂತ ಅಷ್ಟೇ ಇದ್ದದ್ದು. ಇಲ್ಲಿ ಈಗಿನ ಮೊತ್ತದ ಜೊತೆ ಗರಿಷ್ಠ ಮೊತ್ತ, ತಿಂಗಳಿಗೊಮ್ಮೆ ಅನ್ನೋ ಅವಧಿ, ಶುರುವಾಗುವ ದಿನ, ಮುಗಿಯುವ ದಿನ ಇದ್ದವು. ಈ ನಾಲ್ಕು ಸಾಲು ಕಾಣದಿದ್ದರೆ ನೀವು ಮ್ಯಾಂಡೇಟ್ ಮಾಡುತ್ತಿಲ್ಲ, ಸುಮ್ನೆ ದುಡ್ಡು ಕಟ್ಟುತ್ತಿದ್ದೀರಿ ಅಂತ ತಿಳಿಯಿರಿ. ಬ್ಯಾಂಕಿನಿಂದ ಬ್ಯಾಂಕಿಗೆ ಪುಟದ ರೂಪ ಬೇರೆ, ಆದರೆ ಗರಿಷ್ಠ ಮೊತ್ತ ಮತ್ತು ಅವಧಿ ಎಲ್ಲೋ ಒಂದು ಕಡೆ ಕಾಣಲೇಬೇಕು.

ಅತ್ತಿಗೆ ಅಲ್ಲೇ ಕೈ ಹಿಡಿದರು. ಗರಿಷ್ಠ ಮೊತ್ತದ ಮುಂದೆ ₹15,000 ಅಂತ ಇತ್ತು. "ನೂರ ಎಪ್ಪತ್ತೊಂಬತ್ತಕ್ಕೆ ಹದಿನೈದು ಸಾವಿರ ಯಾಕಪ್ಪ ಬರೆದಿದ್ದಾರೆ? ಒತ್ತಬೇಡ ಇರು." ಈ ಹೆದರಿಕೆಗೆ ಎಷ್ಟೋ ಜನ ಇದೇ ಪುಟದಿಂದ ವಾಪಸ್ ಹೋಗುತ್ತಾರೆ. ಹೆದರುವುದರಲ್ಲಿ ತಪ್ಪೂ ಇಲ್ಲ. ಆ ಅಂಕಿ ಓಟಿಪಿ ಇಲ್ಲದೆ ಒಂದು ಸಲಕ್ಕೆ ಹೋಗಬಹುದಾದ ಮೇಲಿನ ಮಿತಿ. ಹೋಗುವ ಮೊತ್ತ ಅಲ್ಲ. ನಾಳೆ ಪ್ಲಾನ್ ಬೆಲೆ ₹199 ಆದರೂ ಮತ್ತೆ ನೋಂದಾಯಿಸುವುದು ಬೇಡ ಅಂತ ಕಂಪನಿಗಳು ನಿಯಮ ಬಿಡುವಷ್ಟು ದೊಡ್ಡ ಅಂಕಿಯನ್ನೇ ತುಂಬಿಸಿಡುತ್ತವೆ. ₹179 ಅಂತ ಗಟ್ಟಿ ಮೊತ್ತಕ್ಕೆ ಒಪ್ಪಿಗೆ ಕೊಟ್ಟರೆ ಒಂದು ರೂಪಾಯಿ ಏರಿದರೂ ಅದು ಬೀಳುತ್ತದೆ, ಮತ್ತೆ ಓಟಿಪಿ ಕೊಟ್ಟು ತಿದ್ದಬೇಕು. ಬೆಲೆ ಏರಿದ ತಿಂಗಳು ಆಟೊಪೇ ಬಿದ್ದರೆ ಇದನ್ನೂ ಒಂದು ಕಾರಣ ಅಂತ ನೋಡಬೇಕು.

ನಿಯಮದ ಪ್ರಕಾರ ಮೊತ್ತ ಬದಲಾಗುವಂಥ ಮ್ಯಾಂಡೇಟಿನಲ್ಲಿ ಗರಿಷ್ಠ ಎಷ್ಟು ಅನ್ನೋದನ್ನು ಗ್ರಾಹಕರು ಹೇಳಬೇಕು. ಆದರೆ ಈ ಪುಟದಲ್ಲಿ ಅಂಕಿ ತಿದ್ದುವ ಹಾಗಿರಲಿಲ್ಲ. ತಿದ್ದಲು ಬಿಟ್ಟಿದ್ದರೆ ನಾನು ₹500 ಹಾಕಿಸುತ್ತಿದ್ದೆ. ಬಿಡದಿದ್ದರೆ ನಮ್ಮನ್ನು ಕಾಪಾಡುವುದು ಆ 24 ಗಂಟೆ ಮುಂಚಿನ ಮೆಸೇಜ್ ಒಂದೇ. ಅದರಲ್ಲಿ ₹179ರ ಬದಲು ಬೇರೆ ಅಂಕಿ ಕಂಡರೆ ದುಡ್ಡು ಹೋಗುವ ಮುಂಚೆಯೇ ನಿಲ್ಲಿಸಬಹುದು. ಇದನ್ನು ಕೇಳಿದ ಮೇಲೆ ಅಣ್ಣ ತನ್ನ ಫೋನಿನಲ್ಲಿ ಬ್ಯಾಂಕಿನ ಮೆಸೇಜುಗಳನ್ನು ಬೇರೆ ಮಾಡಿ ಮೇಲಕ್ಕೆ ಪಿನ್ ಮಾಡಿಕೊಂಡ. ಜೊತೆಗೆ ಬ್ಯಾಂಕಿನ ಆ್ಯಪ್‌ನಲ್ಲಿ ಅತ್ತಿಗೆಯ ಇಮೇಲ್ ಸೇರಿಸಿ ಸೂಚನೆ ಅಲ್ಲಿಗೂ ಬರುವ ಹಾಗೆ ಮಾಡಿದೆವು.

ಓಟಿಪಿ ಹಾಕಿದ ತಕ್ಷಣ ₹179 ಹೋಯಿತು. ಮೊದಲ ಪಾವತಿ ಮತ್ತು ನೋಂದಣಿ ಎರಡೂ ಒಂದೇ ಓಟಿಪಿಯಲ್ಲಿ ಮುಗಿಯಬಹುದು, ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಕೆಲವು ಆ್ಯಪ್‌ಗಳು ನೋಂದಣಿಗೆ ಒಂದೆರಡು ರೂಪಾಯಿ ಮಾತ್ರ ತೆಗೆದು ವಾಪಸ್ ಹಾಕುತ್ತವೆ. ಹಾಗಾದರೆ ದುಡ್ಡು ಕಡಿಮೆ ಹೋಯಿತು ಅಂತ ಗಾಬರಿ ಬೇಡ. ಸ್ವಲ್ಪ ಹೊತ್ತಿಗೆ ಎರಡು ಮೆಸೇಜ್ ಬಂದವು. ಒಂದು ದುಡ್ಡು ಹೋದದ್ದಕ್ಕೆ, ಇನ್ನೊಂದು ಮ್ಯಾಂಡೇಟ್ ನೋಂದಣಿಗೆ, ಉದ್ದದ ಒಂದು ಉಲ್ಲೇಖ ಸಂಖ್ಯೆಯ ಜೊತೆ. ಆಗಸ್ಟ್‌ನಲ್ಲಿ ಬಂದಿದ್ದದ್ದು ಮೊದಲನೆಯದು ಮಾತ್ರ. ಬ್ಯಾಂಕಿನ ಪಟ್ಟಿ ಮತ್ತೆ ತೆರೆದೆವು. ಹೊಸ ಕಾರ್ಡಿನ ಕೆಳಗೆ ಆ್ಯಪ್‌ನ ಹೆಸರು ಬಂದಿತ್ತು, ಉಲ್ಲೇಖ ಸಂಖ್ಯೆ ತಾಳೆಯಾಯಿತು. ಡೌನ್‌ಲೋಡ್ ಆಗಿದ್ದ ಹಾಡುಗಳೂ ಮತ್ತೆ ತೆರೆದುಕೊಂಡವು. ಮಕ್ಕಳ ಕಾರ್ಯಕ್ರಮಕ್ಕೆ ತೊಂದರೆ ಆಗಲಿಲ್ಲ.

ಯುಪಿಐ ಆಟೊಪೇ ಯಾಕೆ ಬೇಡ ಅಂತ ಅಣ್ಣ ಕೇಳಿದ. ಒಳ್ಳೆಯ ಪ್ರಶ್ನೆಯೇ. ಅದು ನಿಲ್ಲುವುದು ಕಾರ್ಡಿನ ಮೇಲಲ್ಲ, ಯುಪಿಐಗೆ ಸೇರಿಸಿದ ಖಾತೆಯ ಮೇಲೆ. ಕಾರ್ಡ್ ಬದಲಾದರೂ ಅದಕ್ಕೇನೂ ಆಗಲ್ಲ. ಮುಂಚಿತ ಸೂಚನೆ, ರದ್ದತಿ ಎಲ್ಲ ಅಲ್ಲೂ ಇದೆ. ಆದರೆ ಯುಪಿಐ ಬೇಕೆಂದರೆ ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು. ಅತ್ತಿಗೆಯ ಖಾತೆಗೆ ಇರೋದು ಅಣ್ಣನ ನಂಬರ್. ಅದನ್ನು ಬದಲಿಸಲು ಶಾಖೆಗೆ ಹೋಗಿ ಅರ್ಜಿ ಕೊಡಬೇಕಿತ್ತು. ಹಬ್ಬದ ವಾರ ಅದು ಆಗೋ ಕೆಲಸ ಅಲ್ಲ. ಅರ್ಜಿ ಆಮೇಲೆ ಕೊಟ್ಟರು. ಆದರೆ ಆಗ ಅವಸರಕ್ಕೆ ಕಾರ್ಡೇ ದಾರಿ.

ಇದೇ ಹೊತ್ತಿಗೆ ಅಣ್ಣನಿಗೆ ಇನ್ನೊಂದು ಮೆಸೇಜ್ ಬಂದಿತ್ತು. ನಿಮ್ಮ ಆಟೊಪೇ ವಿಫಲವಾಗಿದೆ, ಈ ಕೊಂಡಿ ಒತ್ತಿ ಕಾರ್ಡ್ ದೃಢಪಡಿಸಿ, ಇಲ್ಲದಿದ್ದರೆ ಖಾತೆ ಬ್ಲಾಕ್ ಆಗುತ್ತದೆ ಅಂತ. ಕಳಿಸಿದವರ ಜಾಗದಲ್ಲಿ ಹತ್ತಂಕಿಯ ಮಾಮೂಲಿ ಮೊಬೈಲ್ ನಂಬರ್. ಪ್ಲಾನ್ ಹೆಸರಿಲ್ಲ, ಮೊತ್ತ ಇಲ್ಲ, ಉಲ್ಲೇಖ ಸಂಖ್ಯೆ ಇಲ್ಲ. ನಿಜವಾಗಿಯೂ ಆಟೊಪೇ ಬಿದ್ದ ವಾರವೇ ಬಂದದ್ದರಿಂದ ಅವನು ನಂಬಿಬಿಡುತ್ತಿದ್ದ. ಅಳಿಸಿಹಾಕಿದೆವು. ನಿಜವಾದ ಮೆಸೇಜ್ ಬಂದರೂ ಅದರೊಳಗಿನ ಕೊಂಡಿಗಿಂತ ಬ್ಯಾಂಕಿನ ಆ್ಯಪ್ ತೆರೆದು ಪಟ್ಟಿ ನೋಡುವುದೇ ವಾಸಿ.

ಅಕ್ಟೋಬರ್

ನೋಂದಣಿ ಆಯಿತು ಅಂತ ಮೆಸೇಜ್ ಬಂದ ಮಾತ್ರಕ್ಕೆ ಪ್ರಕರಣ ಮುಗಿಯಲ್ಲ. ಮುಂದಿನ ತಿಂಗಳ ದುಡ್ಡು ತಾನಾಗಿ ಹೋಗಬೇಕು. ಈ ಆ್ಯಪ್‌ನಲ್ಲಿ ಬಿಲ್ಲಿನ ದಿನವೂ ಬದಲಾಗಿತ್ತು. 8ರಂದು ದುಡ್ಡು ಕಟ್ಟಿದ್ದರಿಂದ ಅಲ್ಲಿಂದಾಚೆ 8ನೇ ತಾರೀಕೇ ಲೆಕ್ಕ. 7ಕ್ಕೆ ಹೋಗಲಿಲ್ಲ ಅಂತ ಅತ್ತಿಗೆ ಮತ್ತೆ ಗಾಬರಿಯಾಗದ ಹಾಗೆ ಮೊದಲೇ ಹೇಳಿಟ್ಟಿದ್ದೆ. ಅಕ್ಟೋಬರ್ 6ರ ಬೆಳಿಗ್ಗೆ ಅಣ್ಣನ ಫೋನಿಗೂ ಅತ್ತಿಗೆಯ ಇಮೇಲಿಗೂ ಸೂಚನೆ ಬಂತು. ಆ್ಯಪ್‌ನ ಹೆಸರು, ₹179, 8ನೇ ತಾರೀಕು, ಅದೇ ಉಲ್ಲೇಖ ಸಂಖ್ಯೆ, ಬೇಡವಾದರೆ ರದ್ದು ಮಾಡುವ ದಾರಿ. 8ಕ್ಕೆ ದುಡ್ಡು ಹೋಯಿತು, ಓಟಿಪಿ ಯಾರೂ ಕೇಳಲಿಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ಬ್ಯಾಂಕಿನ ಪಟ್ಟಿಯಲ್ಲಿ ಹಳೆಯ ಕಾರ್ಡಿನ ಕೆಳಗೆ ಮ್ಯೂಸಿಕ್ ಆ್ಯಪ್ ಒಂದೇ ಇರಲಿಲ್ಲ. ಫೋಟೊ ಇಡುವ ಸ್ಟೋರೇಜ್ ಪ್ಲಾನ್ ಇತ್ತು. ಅದೂ ಆಗಸ್ಟ್‌ನಿಂದಲೇ ಬೀಳುತ್ತಿತ್ತು, ಇಮೇಲ್ ಯಾರೂ ನೋಡಿರಲಿಲ್ಲ. ಇನ್ನೊಂದು ವರ್ಷಕ್ಕೊಮ್ಮೆ ಕಟ್ಟುವ ಪತ್ರಿಕೆಯ ಚಂದಾ, ಮುಂದಿನ ಜನವರಿಗೆ ಬರುವಂಥದ್ದು. ತಿಂಗಳಿನದ್ದು ಬಿದ್ದರೆ ಬೇಗ ಗೊತ್ತಾಗುತ್ತದೆ. ವರ್ಷದ್ದು ಬೀಳುವ ಹೊತ್ತಿಗೆ ಕಾರ್ಡ್ ಬದಲಾದದ್ದೇ ಮರೆತಿರುತ್ತದೆ. ಸ್ಟೋರೇಜ್ ಪ್ಲಾನಿಗೆ ಅದೇ ದಿನ ಹೊಸ ಕಾರ್ಡ್ ನೋಂದಾಯಿಸಿದೆವು. ಪತ್ರಿಕೆಯವರ ಪುಟ ಮಾತ್ರ ನವೀಕರಣದ ದಿನ ಬರುವ ತನಕ ಕಾರ್ಡ್ ಬದಲಿಸಲು ಬಿಡುವುದಿಲ್ಲ. ಅದನ್ನು ಜನವರಿಯಲ್ಲಿ ಮಾಡಬೇಕು ಅಂತ ಅತ್ತಿಗೆ ಕ್ಲಾಸಿನ ಕೋಣೆಯ ಕ್ಯಾಲೆಂಡರಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡರು.